ಆರು ಲಿಪ್ ಬಾಮ್, ಒಂದು ಇಡೀ ಸೀಸನ್: ನನ್ನ ಉಳಿತಾಯದ ಕತೆ

ಏಪ್ರಿಲ್ ಮೊದಲ ವಾರದ ರಿವ್ಯೂ ಮೀಟಿಂಗಿನಲ್ಲಿ ನಾನು ಹೇಳಿದ ಒಂದು ಮಾತು ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ. "ಸರ್, ಸನ್‌ಸ್ಕ್ರೀನ್ ಲಿಪ್ ಬಾಮಿಗೆ ಅಕ್ಟೋಬರಿನಲ್ಲಿ ಒಂದೇ ಇಂಡೆಂಟ್ ಹಾಕಿದ್ದು. ಆಮೇಲೆ ರಿಪೀಟ್ ಇಲ್ಲ. ಆರು ಪೀಸಿನಲ್ಲಿ ಇಡೀ ಸೀಸನ್ ತೆಗೆದೆವು." ಮ್ಯಾನೇಜರ್ ತಲೆ ಎತ್ತಿ "ಗುಡ್" ಅಂದರು. ವರ್ಷಕ್ಕೆ ಅವರ ಬಾಯಿಂದ ಬರುವ ಎರಡೋ ಮೂರೋ "ಗುಡ್"ಗಳಲ್ಲಿ ಒಂದು ನನ್ನ ಪಾಲಿಗೆ ಬಿತ್ತು.

ನನ್ನ ಕೆಲಸ ಮಲ್ಪೆಯಲ್ಲಿ, ದ್ವೀಪಕ್ಕೆ ಟೂರಿಸ್ಟರನ್ನು ಕರೆದುಕೊಂಡು ಹೋಗುವ ಬೋಟುಗಳ ಸೂಪರ್‌ವೈಸರ್. ಆರು ಬೋಟು, ಬೋಟಿಗೆ ನಾಲ್ಕು ಜನ. ಟ್ರಿಪ್ ಶೀಟ್, ಲೈಫ್ ಜಾಕೆಟ್ ಲೆಕ್ಕ, ಡೀಸೆಲ್ ಸ್ಲಿಪ್, ಸ್ಟೋರು, ಎಲ್ಲ ನನ್ನದೇ. ಬಿಸಿಲಿಗೆ ತುಟಿ ಒಡೆಯುತ್ತದೆ ಎಂದು ಹುಡುಗರು ಹೇಳಿದ್ದಕ್ಕೆ ನಾನೇ ಮೆಡಿಕಲಿಗೆ ಹೋಗಿ ಬಾಮ್ ತಂದಿದ್ದೆ. ಎದುರಿಗೆ ದೊಡ್ಡದಾಗಿ ಎಸ್‌ಪಿಎಫ್ 15, ಮೂಗಿಗೆ ಹಿಡಿದರೆ ಪುದೀನದ ತಂಪು. ಬೋಟಿಗೆ ಒಂದರಂತೆ, ಕಳೆದುಹೋಗಬಾರದೆಂದು ನೈಲಾನ್ ದಾರ ಕಟ್ಟಿ ವೀಲಿನ ಪಕ್ಕ ನೇತುಹಾಕಿದೆ. ಯಾರು ಬೇಕಾದರೂ ಹಚ್ಚಿಕೊಳ್ಳಲಿ ಎಂದು.

ಮೂರನೇ ಬೋಟು ನಡೆಸುವ ತಾಂಡೇಲರಿಗೆ ಐವತ್ತು ದಾಟಿದೆ. ನಮ್ಮಲ್ಲಿಗೆ ಬರುವ ಮುಂಚೆ ಇಪ್ಪತ್ತೈದು ವರ್ಷ ಮೀನುಗಾರಿಕೆ ಬೋಟಿನಲ್ಲಿದ್ದವರು. ಡಿಸೆಂಬರ್ ರಶ್ಶಿನಲ್ಲೇ ಅವರ ಕೆಳತುಟಿ ನನ್ನ ಕಣ್ಣಿಗೆ ಬಿದ್ದಿತ್ತು. ನಡುವಲ್ಲಿ ಬೂದಿ ಮೆತ್ತಿದ ಹಾಗೆ ಒಂದು ಬಿಳಿ ಮಚ್ಚೆ. ತುಟಿ ಮುಗಿದು ಚರ್ಮ ಶುರುವಾಗುವ ಗೆರೆ ಅಲ್ಲಿ ಅಳಿಸಿಹೋದ ಹಾಗಿತ್ತು. "ಎಲೆಅಡಿಕೆ ಕಮ್ಮಿ ಮಾಡಿ ತಾಂಡೇಲ್ರೆ, ರಾತ್ರಿ ತುಪ್ಪ ಹಚ್ಚಿ" ಅಂದು ಟ್ರಿಪ್ ಶೀಟಿಗೆ ಸಹಿ ಹಾಕಿದೆ. ಅವರೂ ತಲೆಯಾಡಿಸಿದರು. ಅದು ಡಿಸೆಂಬರ್. ನಾನು ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದದ್ದು ಏಪ್ರಿಲಿನಲ್ಲಿ, ಅದೂ ಊಟ ಮಾಡುವಾಗ ತುಟಿಯಿಂದ ರಕ್ತ ಬಂದು ಅವರ ಮಗಳು ಗಲಾಟೆ ಮಾಡಿದ ಮೇಲೆ. ನಾಲ್ಕು ತಿಂಗಳು ಮಧ್ಯದಲ್ಲಿ ಹೋಯಿತು.

ಡಾಕ್ಟರಮ್ಮ ಕೈಗವಸು ಹಾಕಿ ಆ ಮಚ್ಚೆಯ ಮೇಲೆ ಬೆರಳು ಎಳೆದರು. "ಮರಳುಕಾಗದದ ಹಾಗೆ ಉಂಟು" ಅಂದರು, ನಮಗಲ್ಲ, ತಮಗೇ. ಕೆಳಗೆ ಗಂಟಿದೆಯಾ ಎಂದು ಎರಡು ಬೆರಳಲ್ಲಿ ಹಿಚುಕಿ ನೋಡಿದರು. ಗಲ್ಲದ ಕೆಳಗೆ, ಕುತ್ತಿಗೆಯಲ್ಲಿ ಒತ್ತಿದರು. ಕೆನ್ನೆಯ ಒಳಗೆ ಟಾರ್ಚ್ ಬಿಟ್ಟರು. ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಫ್ಯಾನ್ ಮಾತ್ರ ಕಿರ್ರೆನ್ನುತ್ತಿತ್ತು. ತಾಂಡೇಲರು ಬಿರುಗಾಳಿಯಲ್ಲೂ ಅಷ್ಟು ಗಟ್ಟಿಯಾಗಿ ಕುರ್ಚಿ ಹಿಡಿದವರಲ್ಲ.

"ಎಲೆಅಡಿಕೆ, ಹೊಗೆಸೊಪ್ಪು ಎರಡೂ ಬಿಡಬೇಕು, ಅದು ಬೇರೆ ಮಾತು. ಆದರೆ ಅದರ ಗುರುತು ಮೊದಲು ಕಾಣುವುದು ಅದನ್ನು ಇಟ್ಟುಕೊಳ್ಳುವ ಕೆನ್ನೆಯ ಒಳಗೆ. ಇದು ತುಟಿಯ ಹೊರಗೆ, ಬಿಸಿಲು ಬೀಳುವ ಜಾಗದಲ್ಲಿದೆ. ಬಿಸಿಲಿಗೆ ಎಂತ ಹಚ್ತೀರಿ?"

ಇಲ್ಲಿ ನಾನು ಜಾಣನಾದೆ. ಜೇಬಿನಿಂದ ಮೂರನೇ ಬೋಟಿನ ಬಾಮ್ ತೆಗೆದು, ದಾರ ಸಮೇತ, ಮೇಜಿನ ಮೇಲಿಟ್ಟೆ. "ಕಂಪನಿಯಿಂದಲೇ ಕೊಡ್ತೇವೆ ಮೇಡಂ."

ಅವರು ಮುಚ್ಚಳ ತೆಗೆದು ಬುಡ ತಿರುಗಿಸಿ ನೋಡಿದರು. "ಯಾವಾಗ ತಂದದ್ದು?"

"ಅಕ್ಟೋಬರ್."

"ಇದು ಏಪ್ರಿಲ್. ಮುಕ್ಕಾಲು ಪಾಲು ಹಾಗೇ ಉಂಟಲ್ಲ?"

ತಾಂಡೇಲರು ನೆಲ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮೀಟಿಂಗಿನಲ್ಲಿ ಸಿಕ್ಕಿದ "ಗುಡ್" ಅಲ್ಲೇ ಕರಗಿಹೋಯಿತು.

ಅವರು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದ ಲೆಕ್ಕ ಹೀಗೆ. ಪ್ಯಾಕಿನ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಪರೀಕ್ಷೆ ಮಾಡುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ತುಟಿ ಸುಮಾರು 5 ಸೆಂ.ಮೀ. ಅಗಲ, ಮೇಲಿನದು ಕೆಳಗಿನದು ಸೇರಿ 2 ಸೆಂ.ಮೀ. ಎತ್ತರ ಅಂತಿಟ್ಟುಕೊಂಡರೆ 10 ಚದರ ಸೆಂ.ಮೀ. ಅಂದರೆ ಒಂದು ಸಲಕ್ಕೆ 20 ಮಿಲಿಗ್ರಾಂ. ಎರಡು ಗಂಟೆಗೊಮ್ಮೆ, ಜೊತೆಗೆ ಊಟ, ಚಾ ಆದ ಮೇಲೆ ಎಂದು ಹಿಡಿದರೆ ದಿನಕ್ಕೆ ಐದು ಸಲ, 100 ಮಿಲಿಗ್ರಾಂ. ನನ್ನ ಬಾಮ್ 4.5 ಗ್ರಾಮಿನದು. ಒಬ್ಬನಿಗೆ 45 ದಿನ. ನಾಲ್ಕು ಜನರ ಬೋಟಿಗೆ ಹನ್ನೊಂದು ದಿನ. ಆರು ತಿಂಗಳಾದರೂ ಅದು ಮುಗಿಯಲಿಲ್ಲ ಅಂದರೆ ಅರ್ಥ ಒಂದೇ, ಅದನ್ನು ಯಾರೂ ಸರಿಯಾಗಿ ಹಚ್ಚಲಿಲ್ಲ. ತೆಳ್ಳಗೆ ಒಮ್ಮೆ ಸವರಿ ಬಿಟ್ಟರೆ ಪ್ಯಾಕಿನ ಮೇಲಿನ ಸಂಖ್ಯೆ ಪ್ಯಾಕಿನ ಮೇಲೆಯೇ ಉಳಿಯುತ್ತದೆ.

ವಾಪಸ್ ಬರುವಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಕೇಳಿದೆ, ಯಾಕೆ ಹಚ್ಚಲಿಲ್ಲ ಎಂದು. ತಾಂಡೇಲರು ನಗಲೂ ಇಲ್ಲ, ಬೈಯಲೂ ಇಲ್ಲ. "ಎಂತ ಮಾರ್ರೆ, ನಾಲ್ಕು ಜನ ಬಾಯಿಗೆ ಮುಟ್ಟಿಸಿದ್ದನ್ನು ನೀವು ಹಚ್ತೀರಾ? ಎಂಜಲಲ್ವಾ?"

ಇಷ್ಟೇ ವಿಷಯ. ಆರು ತಿಂಗಳಲ್ಲಿ ನನಗೆ ಹೊಳೆಯದ್ದು. ಎಂಜಲಿನ ಮಾತು ಬರೀ ಮಡಿಯ ಮಾತೂ ಅಲ್ಲ. ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳುವ ಹರ್ಪಿಸ್ ವೈರಸ್ ಹೀಗೆಯೇ ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತದೆ, ಮೈಯಲ್ಲಿ ಮಲಗಿದ್ದ ಅದನ್ನು ಬಡಿದೆಬ್ಬಿಸುವುದರಲ್ಲಿ ಜೋರು ಬಿಸಿಲೂ ಒಂದು. ಅವರು ಹಚ್ಚದೆ ಇದ್ದದ್ದೇ ಒಳ್ಳೆಯದಾಯಿತು ಅನ್ನಬೇಕು.

ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದರ ರಿಪೋರ್ಟ್ ಬರುವವರೆಗೆ ತಾಂಡೇಲರು ರಜೆ ಹಾಕಲಿಲ್ಲ. ನನಗೇ ಕೆಲಸದಲ್ಲಿ ಮನಸ್ಸಿರಲಿಲ್ಲ. ಕ್ಯಾನ್ಸರ್ ಅಲ್ಲ ಎಂದು ಬಂತು. ಆಕ್ಟಿನಿಕ್ ಚೀಲೈಟಿಸ್, ಅಂದರೆ ವರ್ಷಾನುಗಟ್ಟಲೆ ಬಿಸಿಲು ತಿಂದು ತುಟಿಯ ಕೋಶಗಳು ಕೆಟ್ಟದ್ದು; ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದದ್ದು. ದ್ರವ ಸಾರಜನಕದಿಂದ ಆ ಜಾಗವನ್ನು ಹೆಪ್ಪುಗಟ್ಟಿಸಿ ಸುಟ್ಟರು. ತುಟಿ ಊದಿ, ಹಕ್ಕಳೆ ಕಟ್ಟಿ, ವಾಸಿಯಾಯಿತು. ಆರು ತಿಂಗಳಿಗೊಮ್ಮೆ ತೋರಿಸಬೇಕು. ನಮ್ಮಂಥ ಕಂದು ಮೈಬಣ್ಣದವರಿಗೆ ಇದು ಬಿಳಿಯರಷ್ಟು ಬರುವುದಿಲ್ಲ, ಆದರೆ ತುಟಿಯ ಚರ್ಮದಲ್ಲಿ ಆ ಬಣ್ಣವೂ ಕಡಿಮೆ, ಮೇಲ್ಪದರವೂ ತೀರಾ ತೆಳು. ಮೇಲ್ತುಟಿಗೆ ಮೀಸೆಯ ನೆರಳಾದರೂ ಉಂಟು. ಕೆಳತುಟಿ ಆಕಾಶಕ್ಕೆ ಮುಖ ಮಾಡಿಕೊಂಡೇ ಇರುತ್ತದೆ. ಟೋಪಿ ಇಟ್ಟರೂ ಸಾಲದು, ಯಾಕೆಂದರೆ ಒಣ ಮರಳು ನೇರಳಾತೀತ ಕಿರಣದಲ್ಲಿ ಸುಮಾರು 15 ಶೇಕಡಾ, ಅಲೆಯ ನೊರೆ ಸುಮಾರು 25 ಶೇಕಡಾ ಮೇಲಕ್ಕೆ ಎಸೆಯುತ್ತದೆ. ಏಪ್ರಿಲ್ ಕೊನೆಯ ವಾರ ನಮ್ಮ ಉಡುಪಿಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ಶಾಲೆಗೆ ರಜೆ ಸಿಕ್ಕಿ ನಮಗೆ ಟ್ರಿಪ್ ಜಾಸ್ತಿಯಾಗುವುದೂ ಅದೇ ವಾರ.

ಮಳೆಗಾಲದಲ್ಲಿ ಬೋಟು ಮೇಲೆ ಎಳೆದ ಮೇಲೆ ಪುರುಸೊತ್ತಿನಲ್ಲಿ ಬಾಮುಗಳ ಹಿಂಬದಿ ಓದುವ ಚಟ ಹತ್ತಿತು. ಮೊದಲ ಸಲ ನಾನು ಓದಿದ್ದು ಎದುರುಬದಿ ಮಾತ್ರ. ಬರೀ "ಸನ್ ಕೇರ್" ಎಂದು ಬರೆದು ಎಸ್‌ಪಿಎಫ್ ಸಂಖ್ಯೆಯೇ ಇಲ್ಲದ್ದು ಅಂಗಡಿಯಲ್ಲಿ ಬೇಕಾದಷ್ಟು. ಅದು ಬರೀ ಎಣ್ಣೆ-ಮೇಣ, ವ್ಯಾಸಲೀನ್ ಹಚ್ಚಿದ ಹಾಗೆ. ಎಸ್‌ಪಿಎಫ್ 30 ಅಥವಾ ಮೇಲೆ ಇರಬೇಕು. ಆದರೆ ಆ ಸಂಖ್ಯೆ ಹೇಳುವುದು ಮುಖ್ಯವಾಗಿ ಸುಡುವ ಯುವಿಬಿ ಕಿರಣದ ಲೆಕ್ಕ. ಒಳಗಿಳಿಯುವ ಯುವಿಎ ಕಿರಣಕ್ಕೆ ಪಿಎ+++ ಎಂಬ ಗುರುತೋ "ಬ್ರಾಡ್ ಸ್ಪೆಕ್ಟ್ರಮ್" ಎಂಬ ಮಾತೋ ಬೇರೆಯೇ ಇರಬೇಕು. ನೀರಿನಲ್ಲಿ ಕೆಲಸ ಮಾಡುವವರಿಗೆ "ವಾಟರ್ ರೆಸಿಸ್ಟೆಂಟ್" ಎಂದು ಇದ್ದರೆ ಮಾತ್ರ. ಹಾಗಿದ್ದರೂ ಬಾಯಿ ಒರೆಸಿದರೆ ಹೋಯಿತು.

ಆ ಪುದೀನ ತಂಪಿನದ್ದೂ ನನ್ನ ತಪ್ಪೇ. ಮೆಂಥಾಲ್, ಕರ್ಪೂರ ಇದ್ದದ್ದು ಹಚ್ಚಿದಾಗ ಹಾಯೆನಿಸುತ್ತದೆ, ಒಡೆದ ತುಟಿಗೆ ಉರಿ ಹಿಡಿಸುತ್ತದೆ. ಉರಿಗೆ ಹುಡುಗರು ತುಟಿ ನೆಕ್ಕುತ್ತಾರೆ, ಜೊಲ್ಲು ಆರಿ ಮತ್ತಷ್ಟು ಒಣಗುತ್ತದೆ. ಮೊದಲ ವಾರ ಹಚ್ಚಿದ್ದ ಇಬ್ಬರು ಕಲಾಸಿಗಳ, ಅಂದರೆ ಬೋಟಿನ ಕೆಲಸದ ಹುಡುಗರ, ತುಟಿ ಸಿಪ್ಪೆ ಎದ್ದದ್ದನ್ನು ನೋಡಿ "ಇನ್ನೂ ಹಚ್ಚಿ" ಅಂದವನು ನಾನು. ವಾಸನೆ, ರುಚಿ ಎರಡೂ ಇಲ್ಲದ್ದನ್ನು ತಗೊಳ್ಳುವುದೇ ಕ್ಷೇಮ. ರುಚಿ ಇದ್ದರೆ ಅದಕ್ಕೂ ನೆಕ್ಕುತ್ತಾರೆ.

ಜಿಂಕ್ ಆಕ್ಸೈಡ್ ಇದ್ದದ್ದು ಉರಿಯುವುದು ಕಡಿಮೆ ಎಂದು ಮೊದಲು ಅದನ್ನೇ ಸ್ಯಾಂಪಲ್ ತಂದೆ. ಹಚ್ಚಿ ತೋರಿಸಿದ ಕೂಡಲೇ ಜೆಟ್ಟಿಯ ಮೇಲೆ ನಗೆ. "ಎಂತ ಮಾರ್ರೆ, ಚೌಕಿಯಿಂದ ಸೀದಾ ಬಂದದ್ದಾ?" ತುಟಿ ಬೆಳ್ಳಗೆ, ಚೌಕಿಯಲ್ಲಿ ಬಣ್ಣ ಹಚ್ಚಿ ಬಂದ ಯಕ್ಷಗಾನದ ವೇಷದ ಹಾಗೆ ಕಾಣುತ್ತದೆ, ಯಾರೂ ಹಚ್ಚುವುದಿಲ್ಲ. ಗುಲಾಬಿ ಛಾಯೆಯದ್ದು ಕೊಟ್ಟರೆ ಕೆಲಸವನ್ನೇ ಬಿಡುತ್ತಾರೆ. ಕೊನೆಗೆ ಕಂದು ಛಾಯೆಯ ಜಿಂಕ್ ಬಾಮ್ ಒಂದು ಸಿಕ್ಕಿತು. ತುಟಿಯ ಬಣ್ಣಕ್ಕೇ ಹೊಂದಿಕೊಂಡಿತು.

ಈ ಸಲ ತಲಾ ಒಂದು, ಹೆಸರು ಬರೆದು. ವೀಲಿನ ಪಕ್ಕ ನೇತುಹಾಕುವುದಿಲ್ಲ. ಕಳೆದ ಸೀಸನಿನ ಆರು ಬಾಮುಗಳಲ್ಲಿ ನಾಲ್ಕು, ವೀಲಿನ ಎದುರಿನ ಗಾಜಿನ ಬಿಸಿಗೆ ಕರಗಿ, ಮತ್ತೆ ಗಟ್ಟಿಯಾಗಿ, ಮೇಲೆ ಎಣ್ಣೆ ಬೆವರಿ, ಒಳಗೆ ರವೆ ರವೆಯಾಗಿದ್ದವು. ಹಾಗಾದ ಬಾಮಿನಲ್ಲಿ ಬಿಸಿಲು ತಡೆಯುವ ವಸ್ತು ಎಲ್ಲ ಕಡೆ ಸಮನಾಗಿದೆ ಎಂಬ ಭರವಸೆ ಇಲ್ಲ. ಈಗ ಊಟದ ಚೀಲದಲ್ಲಿ ಇರಬೇಕೆಂದು ಹೇಳಿದ್ದೇನೆ. ಊಟದ ನಂತರ ಹೇಗೂ ಹಚ್ಚಬೇಕಲ್ಲ.

ಹಚ್ಚುತ್ತಾರಾ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದಕ್ಕೆ ನವೆಂಬರಿನಲ್ಲಿ ಆರು ಬಾಮುಗಳನ್ನು ತೆಗೆದುಕೊಂಡು ಉಡುಪಿಯಲ್ಲಿ ಚಿನ್ನದಂಗಡಿ ಇಟ್ಟ ಸ್ನೇಹಿತನ ಹತ್ತಿರ ಹೋದೆ. ಕೊಡುವಾಗಲೂ ಅಲ್ಲೇ ತೂಗಿಸಿದ್ದೆ. ಕೆಲಸ ಮಾಡಿದ್ದು 26 ದಿನ, ಸರಿಯಾಗಿ ಹಚ್ಚಿದರೆ 2.6 ಗ್ರಾಂ ಇಳಿಯಬೇಕು. ತಾಂಡೇಲರದು 2.3 ಇಳಿದಿತ್ತು. ಮೂರು ಜನರದು ಒಂದೂವರೆಯ ಆಸುಪಾಸು. ಒಬ್ಬನದು 0.1, ಅವನು "ದಿನಾ ಹಚ್ತೇನೆ" ಎಂದು ದೇವರ ಮೇಲೆ ಆಣೆ ಹಾಕಿದವನು. ಇನ್ನೊಬ್ಬನದು ಪೂರ್ತಿ ಖಾಲಿ. ವಿಚಾರಿಸಿದರೆ ಮನೆಯಲ್ಲಿ ತಂಗಿಗೆ ಆ ಕಂದು ಬಣ್ಣ ಬಹಳ ಇಷ್ಟವಾಯಿತಂತೆ.

ಈ ತೂಕದ ಚೀಟಿ ಇಟ್ಟುಕೊಂಡು ಇಂಡೆಂಟ್ ಬರೆದೆ. ಸೀಸನಿಗೆ ಸುಮಾರು 200 ದಿನ, ಒಬ್ಬನಿಗೆ 20 ಗ್ರಾಂ, ಅಂದರೆ ಐದು ಬಾಮ್. 24 ಜನಕ್ಕೆ 120. ಮ್ಯಾನೇಜರ್ ಕನ್ನಡಕ ಮೇಲೆ ಮಾಡಿ ಎರಡು ಸಲ ಓದಿದರು. ಆಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಏಪ್ರಿಲಿನ ನನ್ನದೇ ಸ್ಲೈಡ್.

"ಹೋದ ವರ್ಷ ಆರು ಸಾಕಾಯಿತಲ್ಲ ಮಾರಾಯ?"

ಒಂದು ಗಂಟೆ ಮಾತಾಡಿದ ಮೇಲೆ 48 ಮಂಜೂರು ಮಾಡಿದ್ದಾರೆ. ಉಳಿದ 72ರ ವೋಚರ್ ಇನ್ನೂ ಅವರ ಟೇಬಲಿನ ಮೇಲೆಯೇ ಉಂಟು.