ಕಾರ್ಬನ್ ಡಬಲ್ ಆದ್ರೆ ಎಷ್ಟು ಡಿಗ್ರಿ? ರಿಪೋರ್ಟಲ್ಲಿ ಪ್ಲಸ್-ಮೈನಸ್ ಯಾಕೆ ಹಾಕಲ್ಲ ಅಂದ್ರೆ

ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳಿಗೆ ಕ್ಲೈಮೇಟ್ ರಿಸ್ಕ್ ರಿಪೋರ್ಟ್ ಮಾಡ್ಕೊಡೋ ಟೀಮಲ್ಲಿ ನನ್ನ ಕೆಲಸ. ಹೆಚ್ಚುಕಮ್ಮಿ ಎಲ್ಲಾ ರಿಪೋರ್ಟಲ್ಲೂ ಒಂದು ಸಾಲು ಇದ್ದೇ ಇರುತ್ತೆ: ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಡಬಲ್ ಆದ್ರೆ ಭೂಮಿಯ ಸರಾಸರಿ ತಾಪಮಾನ ಕೊನೆಗೆ 2.5ರಿಂದ 4 ಡಿಗ್ರಿ ಏರುತ್ತೆ, ಬೆಸ್ಟ್ ಎಸ್ಟಿಮೇಟ್ 3. ಇದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರ ರಿಪೋರ್ಟಲ್ಲಿ ಕೊಟ್ಟಿರೋ ಲೆಕ್ಕ, ಇದಕ್ಕೆ ಕ್ಲೈಮೇಟ್ ಸೆನ್ಸಿಟಿವಿಟಿ ಅಂತಾರೆ. ಡಬಲ್ ಅಂದ್ರೆ ಕಾರ್ಖಾನೆಗಳ ಕಾಲಕ್ಕೂ ಮುಂಚೆ ಇದ್ದ 280 ಪಿಪಿಎಂ, 560 ಆಗೋದು. ಈಗಾಗ್ಲೇ 420 ದಾಟಿದೀವಿ.

ರಿವ್ಯೂ ಮಾಡೋ ಸೀನಿಯರ್ ಒಬ್ರು ಈ ಸಾಲಿಗೆ ಕೆಂಪು ಗೆರೆ ಎಳೆದು, "ಏನ್ರೀ ಇದು, ಇಷ್ಟಗಲ ಇದೆ? 3 ಪ್ಲಸ್ ಆರ್ ಮೈನಸ್ ಮುಕ್ಕಾಲು ಅಂತ ನೀಟಾಗಿ ಬರೀರಿ" ಅಂದ್ರು. "ಸರ್, ಅದು ಪ್ಲಸ್-ಮೈನಸ್‌ಗೆ ಒಗ್ಗೋ ನಂಬರ್ ಅಲ್ಲ" ಅಂದೆ. ಯಾಕೆ ಒಗ್ಗಲ್ಲ ಅಂತ ಅವರಿಗೆ ಬೋರ್ಡ್ ಮೇಲೆ ಹಾಕಿ ತೋರಿಸಿದ ಲೆಕ್ಕಾನೇ ಇಲ್ಲಿ ಬರೀತಿದೀನಿ, ನಮ್ಮ ಫೀಲ್ಡಿಗೆ ಹೊಸದಾಗಿ ಬರೋರಿಗೂ ಆಗುತ್ತೆ.

ಮೊದಲು ಯಾರಿಗೂ ತಕರಾರಿಲ್ಲದ ಭಾಗ. ಕಾರ್ಬನ್ ಡೈಆಕ್ಸೈಡ್ ಡಬಲ್ ಆದ್ರೆ ಭೂಮಿಯಿಂದ ಹೊರಗೆ ಹೋಗ್ಬೇಕಿದ್ದ ಶಾಖದಲ್ಲಿ ಚದರ ಮೀಟರಿಗೆ ಸುಮಾರು 3.9 ವಾಟ್ ಇಲ್ಲೇ ಉಳ್ಕೊಳ್ಳುತ್ತೆ. ಭೂಮಿ ಒಂದು ಡಿಗ್ರಿ ಬಿಸಿ ಆದ್ರೆ ತಾನಾಗೇ 3.2 ವಾಟ್ ಹೆಚ್ಚಿಗೆ ಹೊರಗೆ ಸೂಸುತ್ತೆ, ಇದು ಬ್ರೇಕ್ ಇದ್ದಂಗೆ. 3.9 ಭಾಗಿಸು 3.2, ಅಂದ್ರೆ 1.2 ಡಿಗ್ರಿ. ಬೇರೇನೂ ಬದಲಾಗದೇ ಇದ್ರೆ ಕಥೆ ಇಲ್ಲಿಗೇ ಮುಗೀತಿತ್ತು, ರೇಂಜೂ ಬೇಕಿರ್ಲಿಲ್ಲ.

ಆದ್ರೆ ಬದಲಾಗುತ್ತಲ್ಲ. ಬಿಸಿ ಗಾಳಿ ಜಾಸ್ತಿ ನೀರಾವಿ ಹಿಡ್ಕೊಳ್ಳುತ್ತೆ, ಒಂದು ಡಿಗ್ರಿಗೆ ಸುಮಾರು 7 ಪರ್ಸೆಂಟ್, ಆ ನೀರಾವಿನೂ ಶಾಖ ತಡೆಯೋದೇ, ಹಾಗಾಗಿ ಅದು, ಮೇಲಿನ ಗಾಳಿ ಜಾಸ್ತಿ ಬಿಸಿ ಆಗಿ ಹೆಚ್ಚಿಗೆ ಸೂಸೋ ಶಾಖ ಕಳೆದ್ಮೇಲೂ, ಆ 3.2ರ ಬ್ರೇಕಲ್ಲಿ 1.3ರಷ್ಟು ತಿಂದು ಹಾಕುತ್ತೆ. ಹಿಮ ಕರಗಿ ಬಿಳಿ ಇದ್ದ ಜಾಗ ಕಪ್ಪಾಗೋದ್ರಿಂದ ಇನ್ನೊಂದು 0.35. ಆಮೇಲೆ ಮೋಡ, ಇದರ ಪಾಲು 0.4 ಇರಬಹುದು ಅಂತ ಅಂದಾಜು, ಆದ್ರೆ ಸೊನ್ನೆಗಿಂತ ಚೂರು ಕೆಳಗಿಂದ ಹಿಡಿದು 0.9ರ ವರೆಗೆ ಎಲ್ಲಿ ಬೇಕಾದ್ರೂ ಇರಬಹುದು. ಎಲ್ಲಾ ಕಳೆದ್ರೆ ಉಳಿಯೋ ಬ್ರೇಕ್ 1.2ರ ಆಸುಪಾಸು.

ಈಗ ನೋಡಿ. 3.9ನ್ನ 1.2ರಿಂದ ಭಾಗಿಸಿದ್ರೆ 3ರ ಮೇಲೆ ಚೂರು, 3.25. ಬ್ರೇಕ್ 0.4 ಜಾಸ್ತಿ ಇದ್ರೆ, ಅಂದ್ರೆ 1.6, ಆಗ 2.4 ಡಿಗ್ರಿ. ಅದೇ 0.4 ಕಮ್ಮಿ ಇದ್ರೆ, ಅಂದ್ರೆ 0.8, ಆಗ 4.9 ಡಿಗ್ರಿ! ಕೆಳಗಿನ ಸಂಖ್ಯೆಯಲ್ಲಿ ಎರಡೂ ಕಡೆ ಒಂದೇ ಅನುಮಾನ, ಉತ್ತರದಲ್ಲಿ ಮಾತ್ರ ಒಂದು ಕಡೆ 0.85 ಇಳೀತು, ಇನ್ನೊಂದು ಕಡೆ 1.65 ಏರ್ತು. ಅನುಮಾನ ಛೇದದಲ್ಲಿ ಕೂತಿರೋದ್ರಿಂದ ಬಾಲ ಯಾವಾಗ್ಲೂ ಬಿಸಿ ಕಡೆಗೇ ಉದ್ದ ಆಗುತ್ತೆ. ಪ್ಲಸ್ ಆರ್ ಮೈನಸ್ ಬರೆದ್ರೆ ಆ ಉದ್ದ ಬಾಲನೇ ಕತ್ತರಿಸಿ ಬಿಸಾಕ್ದಂಗೆ, ರಿಸ್ಕ್ ರಿಪೋರ್ಟಿಗೆ ಬೇಕಾಗಿರೋದೇ ಅದು.

ಸೀನಿಯರ್ ಬಿಡೋ ಪೈಕಿ ಅಲ್ಲ. "ಕಂಪ್ಯೂಟರ್ ಮಾಡೆಲ್ಲು ಮೋಡ ಎಲ್ಲಾ ಬಿಡ್ರಿ, ಇಷ್ಟು ವರ್ಷದಿಂದ ಎಷ್ಟು ಬಿಸಿ ಆಗಿದೆ ಅಂತ ಅಳತೆ ಇದೆಯಲ್ಲ, ಅದರಿಂದ್ಲೇ ತೆಗೀರಿ" ಅಂದ್ರು. ಒಳ್ಳೇ ಪ್ರಶ್ನೆ, ನಿಜವಾಗ್ಲೂ ಈ ದಾರೀಲಿ ಲೆಕ್ಕ ಮಾಡೋರು ಇದಾರೆ. ಇಲ್ಲೀವರೆಗೆ ಏರಿರೋದು ಸುಮಾರು 1.1 ಡಿಗ್ರಿ (2011-20ರ ಸರಾಸರಿ), ಹೊರಗೆ ಹೋಗದೆ ಹೆಚ್ಚಾಗಿ ಸಮುದ್ರಕ್ಕೇ ಇಳೀತಿರೋ ಶಾಖ 0.8 ವಾಟ್, ಮನುಷ್ಯರಿಂದ ಬಿದ್ದಿರೋ, ಬಿಸಿ ಮಾಡೋ ಒಟ್ಟು ಒತ್ತಡ ಸುಮಾರು 2.7 ವಾಟ್, ಆದ್ರೆ ಅದು 2ರಿಂದ 3.5ರ ತನಕ ಎಲ್ಲಾದ್ರೂ ಇರಬಹುದು. ಒತ್ತಡದಲ್ಲಿ ಸಮುದ್ರಕ್ಕೆ ಇಳೀತಿರೋದನ್ನ ಕಳೆದು, ಉಳಿದಿದ್ದಕ್ಕೆ 1.1 ಡಿಗ್ರಿ ಆದ್ರೆ 3.9ಕ್ಕೆ ಎಷ್ಟು ಅಂತ ಲ್ಯಾಪ್‌ಟಾಪಲ್ಲೇ ಹಾಕಿ ತೋರಿಸ್ದೆ:

```python
for dF in (2.0, 2.7, 3.5):
    print(dF, round(3.9 * 1.1 / (dF - 0.8), 1))
```

ಬಂದ ಉತ್ತರ 3.6, 2.3, 1.6. ಥರ್ಮಾಮೀಟರ್ ಲೆಕ್ಕ ಒಂದೇ, ಆದ್ರೂ ಉತ್ತರ ಎರಡು ಪಟ್ಟಿಗಿಂತ ಜಾಸ್ತಿ ಆಚೆ ಈಚೆ ಆಗುತ್ತೆ.

ಆ 2.0, 3.5 ಅನ್ನೋ ಅಂತರ ಎಲ್ಲಿಂದ ಬಂತು? ಮುಖ್ಯವಾಗಿ ಹೊಗೆಯಿಂದ. ಕಲ್ಲಿದ್ದಲು, ಡೀಸೆಲ್ ಸುಟ್ಟಾಗ ಬರೀ ಕಾರ್ಬನ್ ಡೈಆಕ್ಸೈಡ್ ಬರಲ್ಲ, ಗಂಧಕದ ಸಣ್ಣ ಸಣ್ಣ ಕಣಗಳೂ ಬರ್ತವೆ, ಅವು ಬಿಸಿಲನ್ನ ವಾಪಸ್ ಕಳಿಸ್ತವೆ, ಮೋಡನೂ ಇನ್ನಷ್ಟು ಬೆಳ್ಳಗೆ ಮಾಡ್ತವೆ, ಹಾಗಾಗಿ ಭೂಮೀನ ಸ್ವಲ್ಪ ತಣ್ಣಗೆ ಇಟ್ಟಿವೆ. ಎಷ್ಟು ಅಂದ್ರೆ 0.4 ವಾಟಿಂದ 1.7 ವಾಟ್ ತನಕ ಹೇಳ್ತಾರೆ. ತಕ್ಕಡೀಲಿ ಅಕ್ಕಿ ಮೂಟೆ ಇಟ್ಟು ತೂಗುವಾಗ ಯಾರೋ ಕೆಳಗಿಂದ ಕೈ ಕೊಟ್ಟು ಎತ್ತಿದಾರೆ, ಎಷ್ಟು ಎತ್ತಿದಾರೆ ಅಂತ ಗೊತ್ತಿಲ್ಲ, ಮೂಟೆ ತೂಕ ಹೇಳಿ ಅಂದ್ರೆ ಹೇಗೆ? ಹೊಗೆ ಜಾಸ್ತಿ ಬಿಸಿ ಮುಚ್ಚಿಟ್ಟಿದ್ರೆ ಸೆನ್ಸಿಟಿವಿಟಿ ಜಾಸ್ತಿ, ಕಮ್ಮಿ ಮುಚ್ಚಿಟ್ಟಿದ್ರೆ ಕಮ್ಮಿ.

ಮಧ್ಯದ 2.3ನೂ ಹಾಗೇ ಎತ್ಕೊಳ್ಳೋಕೆ ಆಗಲ್ಲ. ಹೋದ ಕೆಲವು ದಶಕಗಳಲ್ಲಿ ಪೆಸಿಫಿಕ್‌ನ ಪಶ್ಚಿಮ ಭಾಗ ಚೆನ್ನಾಗಿ ಬಿಸಿ ಆಯ್ತು, ಪೆರು-ಚಿಲಿ ಕಡೆಯ ಪೂರ್ವ ಭಾಗ ಅಷ್ಟಾಗಿ ಆಗ್ಲಿಲ್ಲ. ಆ ಪೂರ್ವ ಭಾಗದ ಸಮುದ್ರದ ಮೇಲೆ ತಗ್ಗಿನಲ್ಲಿ ಹಾಸಿದಂಗೆ ಮೋಡ ಇರ್ತವೆ, ಕೆಳಗೆ ನೀರು ತಣ್ಣಗಿದ್ದಷ್ಟೂ ಅವು ದಟ್ಟ, ಬಿಸಿಲನ್ನ ಚೆನ್ನಾಗಿ ಹಿಂದಕ್ಕೆ ಕಳಿಸ್ತವೆ. ಅಂದ್ರೆ ಈಗ ಬ್ರೇಕ್ ಇರೋದಕ್ಕಿಂತ ಗಟ್ಟಿ ಇದೆ ಅನ್ನಿಸ್ತಿದೆ. ಮುಂದೆ ಆ ಕಡೆ ನೀರು ಬಿಸಿ ಆದಾಗ ಮೋಡ ತೆಳು ಆಗುತ್ತೆ, ಬ್ರೇಕ್ ಸಡಿಲ ಆಗುತ್ತೆ. ಹಾಗಾಗಿ ಬರೀ ಹಳೇ ಅಳತೆ ನಂಬಿದ್ರೆ ಉತ್ತರ ಕಮ್ಮಿ ಕಡೆಗೇ ವಾಲುತ್ತೆ.

ಹಾಗಾದ್ರೆ ಎಲ್ಲಾ ಮಾಡೆಲ್ ತಗೊಂಡು ಸರಾಸರಿ ಮಾಡಿದ್ರಾಯ್ತು ಅಂತ ಹೊಸ ಹುಡುಗರು ಅಂತಾರೆ. ಬೇಡ. ಐಪಿಸಿಸಿ 2021ರಲ್ಲಿ ನೋಡಿದ ಹೊಸ ತಲೆಮಾರಿನ ಮಾಡೆಲ್‌ಗಳಲ್ಲಿ ಸೆನ್ಸಿಟಿವಿಟಿ 1.8ರಿಂದ 5.6ರ ತನಕ ಇದೆ. ಮಾಡೆಲ್‌ನ ಒಂದೊಂದು ಚೌಕ ಸಾಮಾನ್ಯವಾಗಿ ನೂರು ಕಿಲೋಮೀಟರ್ ಅಗಲ, ಮೋಡ ಹುಟ್ಟೋದು ಸಾಯೋದು ಅದಕ್ಕಿಂತ ಎಷ್ಟೋ ಸಣ್ಣ ಜಾಗದಲ್ಲಿ, ಅದನ್ನ ಅಂದಾಜಿನ ಸೂತ್ರದಲ್ಲಿ ಹಾಕ್ಬೇಕು, ಒಬ್ಬೊಬ್ಬರ ಸೂತ್ರ ಒಂದೊಂದು ಥರ. ತೀರಾ ಬಿಸಿ ಮಾಡೆಲ್‌ಗಳಲ್ಲಿ ಕೆಲವು ಈಚಿನ ದಶಕಗಳ ಏರಿಕೆನ ಅಳತೆಗಿಂತ ಜಾಸ್ತಿ ತೋರಿಸ್ತವೆ. ನಾನಂತೂ ಮಾಡೆಲ್ ಆರಿಸೋವಾಗ ಮೊದಲು ಅದರ ಸೆನ್ಸಿಟಿವಿಟಿ ನೋಡ್ತೀನಿ, 5ರ ಮೇಲಿದ್ರೆ ಸರಾಸರಿಗೆ ಸೇರಿಸಲ್ಲ, ಬೇಕಿದ್ರೆ ಕೆಟ್ಟ ಸಾಧ್ಯತೆ ಅಂತ ಬೇರೆ ತೋರಿಸ್ತೀನಿ.

1979ರಲ್ಲಿ ಹವಾಮಾನ ವಿಜ್ಞಾನಿ ಜೂಲ್ ಚಾರ್ನಿ ಅವರ ಕಮಿಟಿ ಅಮೆರಿಕದಲ್ಲಿ ಕೊಟ್ಟ ರೇಂಜ್ 1.5ರಿಂದ 4.5. 2013ರ ಐಪಿಸಿಸಿ ರಿಪೋರ್ಟಲ್ಲೂ ಅದೇ ಇತ್ತು! ಕೊನೆಗೆ ಅದು ಕಿರಿದಾಗಿದ್ದು ಬೇರೆ ಬೇರೆ ಸಾಕ್ಷಿ ಒಟ್ಟಿಗೆ ಇಟ್ಟಾಗ: ಮೋಡದ ಭೌತಶಾಸ್ತ್ರ, ಥರ್ಮಾಮೀಟರ್ ದಾಖಲೆ, ಹಿಮಯುಗದಂಥ ಹಳೇ ಕಾಲ. ಸುಮಾರು 20 ಸಾವಿರ ವರ್ಷದ ಹಿಂದೆ ಕಾರ್ಬನ್ ಡೈಆಕ್ಸೈಡ್ 190 ಪಿಪಿಎಂ ಇತ್ತು, ಭೂಮಿ 5ರಿಂದ 7 ಡಿಗ್ರಿ ತಣ್ಣಗಿತ್ತು, ಆಗಿನ ಹಿಮದ ಹಾಸು ಲೆಕ್ಕಕ್ಕೆ ಹಿಡಿದ್ರೂ 1.5 ಅನ್ನೋ ಉತ್ತರಕ್ಕೆ ಇದು ಕೂಡಲ್ಲ. ಮೂರು ಕಡೆಯ ಸಾಕ್ಷಿನೂ ಒಪ್ಪೋ ಜಾಗ ಉಳ್ಕೊಂಡಿದ್ದು 2.5ರಿಂದ 4. ಅದೂ ಮೂರಲ್ಲಿ ಎರಡು ಪಾಲು ಸಾಧ್ಯತೆ ಅಷ್ಟೇ, ಹತ್ತರಲ್ಲಿ ಒಂಬತ್ತು ಬೇಕು ಅಂದ್ರೆ 2ರಿಂದ 5 ಅಂತ ಬರೀಬೇಕು. ಈಗ ನಮ್ಮ ರಿಪೋರ್ಟಲ್ಲಿ ಎರಡನ್ನೂ ಹಾಕ್ತೀವಿ.

ಇನ್ನೊಂದು ವಿಷಯ, ಇಪ್ಪತ್ತು ವರ್ಷದ ಸಾಲಕ್ಕೆ ಈ ನಂಬರ್ ನೇರವಾಗಿ ಬಳಸ್ಬೇಡಿ. ಇದು ಸಮುದ್ರವೂ ಬಿಸಿ ಆಗಿ ಎಲ್ಲಾ ಸಮ ಆದ್ಮೇಲಿನದ್ದು, ಅದಕ್ಕೆ ನೂರಾರು ವರ್ಷ ಬೇಕು. ವರ್ಷಕ್ಕೆ 1 ಪರ್ಸೆಂಟಿನಂತೆ ಏರಿ ಡಬಲ್ ಆಗೋ ಹೊತ್ತಿಗೆ, ಅಂದ್ರೆ ಸುಮಾರು 70 ವರ್ಷಕ್ಕೆ, ಎಷ್ಟು ಬಿಸಿ ಅನ್ನೋ ಬೇರೆ ಲೆಕ್ಕ ಇದೆ: 1.4ರಿಂದ 2.2, ಮಧ್ಯೆ 1.8. ಸಾಲದ ಅವಧಿಯ ಲೆಕ್ಕಕ್ಕೆ ಹತ್ರ ಆಗೋದು ಅದು.