ಸಾವಿರ ಪಟ್ಟಿನಲ್ಲೂ ಕಾಣದ ಗೆರೆಗಳು

"ನಮ್ಮ ಕಾಲೇಜಿನ ಮೈಕ್ರೋಸ್ಕೋಪ್ ಸಾವಿರ ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಇನ್ನೂ ಶಕ್ತಿಯುತವಾದ ಐಪೀಸ್ ಹಾಕಿ ಹತ್ತು ಸಾವಿರ ಪಟ್ಟು ಮಾಡಿದರೆ ಕೊರೊನಾ ವೈರಸ್ ಕಾಣುವುದಿಲ್ಲವೇ ಸರ್? ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಯಾಕೆ ಬೇಕು?"

ಕಾಣುವುದಿಲ್ಲ. ಐಪೀಸ್ ಮಾಡುವ ಕೆಲಸ ಒಂದೇ: ಆಬ್ಜೆಕ್ಟಿವ್ ಮಸೂರ ಕಟ್ಟಿಕೊಟ್ಟ ಬಿಂಬವನ್ನು ಕಣ್ಣಿಗೆ ದೊಡ್ಡದಾಗಿ ಹಿಡಿಯುವುದು. ಆ ಬಿಂಬದಲ್ಲಿ ಇಲ್ಲದ ವಿವರವನ್ನು ಅದು ಹುಟ್ಟಿಸಲಾರದು. ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು ವರ್ಧನೆಯ ಲೆಕ್ಕ. ಎಷ್ಟು ಹತ್ತಿರವಿರುವ ಎರಡು ಚುಕ್ಕೆಗಳು ಎರಡಾಗಿಯೇ ಕಾಣುತ್ತವೆ ಎನ್ನುವುದು ರೆಸಲ್ಯೂಶನ್ನಿನ ಲೆಕ್ಕ. ವರ್ಧನೆಯನ್ನು ಎಷ್ಟು ಬೇಕಾದರೂ ಏರಿಸಿಕೊಳ್ಳಬಹುದು, ರೆಸಲ್ಯೂಶನ್ ನಮ್ಮ ಮಾತು ಕೇಳುವುದಿಲ್ಲ.

ನಾನು ವಿದ್ಯಾರ್ಥಿಗಳಿಗೆ ಇದನ್ನು ತೋರಿಸುವುದು ಡಯಾಟಮ್ ಸ್ಲೈಡಿನಲ್ಲಿ. ಡಯಾಟಮ್ ಎಂದರೆ ಗಾಜಿನಂಥ ಸಿಲಿಕಾ ಕವಚವಿರುವ ಏಕಕೋಶ ಪಾಚಿ. ಕವಚದ ಮೇಲೆ ಸಮಾನ ಅಂತರದಲ್ಲಿ ಸಾಲುಸಾಲು ಗೆರೆಗಳಿರುತ್ತವೆ, ಆ ಅಂತರವು ಜಾತಿಯಿಂದ ಜಾತಿಗೆ ಬೇರೆ. ಹಾಗಾಗಿಯೇ ಹತ್ತೊಂಬತ್ತನೆಯ ಶತಮಾನದಿಂದಲೂ ಮಸೂರ ಪರೀಕ್ಷಿಸುವವರಿಗೆ ಇವು ಅಚ್ಚುಮೆಚ್ಚು. ಫ್ರುಸ್ಟುಲಿಯಾ ರೊಂಬಾಯ್ಡಿಸ್ ಎಂಬ ಜಾತಿಯಲ್ಲಿ ಗೆರೆಯಿಂದ ಗೆರೆಗೆ ಇರುವ ದೂರ ಸುಮಾರು 0.3 ಮೈಕ್ರೋಮೀಟರ್, ಅಂದರೆ 300 ನ್ಯಾನೋಮೀಟರ್.

ಈ ಕವಚವನ್ನು ಮೊದಲು 40 ಪಟ್ಟಿನ ಆಬ್ಜೆಕ್ಟಿವ್‌ಗೆ 25 ಪಟ್ಟಿನ ಐಪೀಸ್ ಸೇರಿಸಿ ನೋಡಿ. ಒಟ್ಟು ಸಾವಿರ ಪಟ್ಟು. ಸಾವಿರ ಪಟ್ಟಿನಲ್ಲಿ ಗೆರೆಗಳ ನಡುವಿನ ದೂರ 0.3 ಮಿಲಿಮೀಟರ್ ಆಗುತ್ತದೆ, ಕಣ್ಣಿಗೆ ಅಷ್ಟು ಸಾಕು. ಆದರೂ ಗೆರೆಗಳಿಲ್ಲ, ದೊಡ್ಡದಾದ, ನುಣುಪಾದ, ಖಾಲಿ ಕವಚ. ಈಗ ಸ್ಲೈಡಿಗೂ ಮಸೂರಕ್ಕೂ ನಡುವೆ ಎಣ್ಣೆಯ ಹನಿ ಇಟ್ಟು ಬಳಸುವ 100 ಪಟ್ಟಿನ ಎಣ್ಣೆ ಆಬ್ಜೆಕ್ಟಿವ್‌ಗೆ 10 ಪಟ್ಟಿನ ಐಪೀಸ್ ಹಾಕಿ. ಇದೂ ಸಾವಿರ ಪಟ್ಟೇ, ಕವಚದ ಗಾತ್ರದಲ್ಲಿ ವ್ಯತ್ಯಾಸವಿಲ್ಲ. ಆದರೆ ಬೆಳಕನ್ನು ಸರಿಯಾಗಿ ಹೊಂದಿಸಿದರೆ ಗೆರೆಗಳು ಮೂಡುತ್ತವೆ.

ಕಾರಣವನ್ನು ಜರ್ಮನಿಯ ಯೇನಾದಲ್ಲಿದ್ದ ಎರ್ನ್‌ಸ್ಟ್ ಆಬೆ 1873ರಲ್ಲಿ ಕಂಡುಕೊಟ್ಟ. ಒತ್ತೊತ್ತಾದ ಗೆರೆಗಳ ಮೂಲಕ ಹಾದ ಬೆಳಕು ನೇರವಾಗಿ ಮಾತ್ರ ಹೋಗುವುದಿಲ್ಲ, ಕವಲೊಡೆದು ಓರೆಯಾಗಿಯೂ ಚೆದರುತ್ತದೆ. ಗೆರೆಗಳು ಹತ್ತಿರವಾದಷ್ಟೂ ಕವಲು ಹೆಚ್ಚು ಓರೆ. ಗೆರೆಗಳಿವೆ ಎಂಬ ಸುದ್ದಿ ಇರುವುದೇ ಆ ಕವಲಿನಲ್ಲಿ. ನೇರ ಬೆಳಕಿನ ಜೊತೆಗೆ ಕನಿಷ್ಠ ಒಂದು ಕವಲಾದರೂ ಮಸೂರದೊಳಗೆ ಬರದಿದ್ದರೆ, ಗೆರೆಗಳು ಬಿಂಬದಲ್ಲಿ ಮೂಡಲು ದಾರಿಯೇ ಇಲ್ಲ. ಮಸೂರ ಎಷ್ಟು ಓರೆಯಾದ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದರ ಅಳತೆಯೇ ಅದರ ಮೈಮೇಲೆ ಕೆತ್ತಿರುವ ನ್ಯೂಮರಿಕಲ್ ಅಪರ್ಚರ್. ಸಾಮಾನ್ಯ 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಅದು 0.65, ಎಣ್ಣೆಯದರಲ್ಲಿ 1.25. ಕೊಳ್ಳುವವರು ನೋಡಬೇಕಾದ ಸಂಖ್ಯೆ ಇದು. ಎಲ್ಲರೂ ನೋಡುವುದು ಅದರ ಪಕ್ಕದ ಪಟ್ಟಿನ ಸಂಖ್ಯೆಯನ್ನು.

ಲೆಕ್ಕ ಸುಲಭ. ಹಸಿರು ಬೆಳಕಿನ ತರಂಗಾಂತರ 550 ನ್ಯಾನೋಮೀಟರ್. ಅದನ್ನು ಗೆರೆಗಳ ಅಂತರವಾದ 300ರಿಂದ ಭಾಗಿಸಿದರೆ ಸುಮಾರು 1.83. ಆಬ್ಜೆಕ್ಟಿವ್‌ನ ಅಪರ್ಚರ್ ಮತ್ತು ಕೆಳಗಿನಿಂದ ಬೆಳಕು ಕೊಡುವ ಕಂಡೆನ್ಸರ್‌ನ ಅಪರ್ಚರ್ ಎರಡನ್ನೂ ಕೂಡಿದರೆ ಬರುವ ಮೊತ್ತ ಈ 1.83ನ್ನು ದಾಟಬೇಕು. ಕಂಡೆನ್ಸರ್‌ನಿಂದ ಆಬ್ಜೆಕ್ಟಿವ್‌ನ ಅಪರ್ಚರ್‌ನಷ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ 40 ಪಟ್ಟಿನದರಲ್ಲಿ ಹೆಚ್ಚೆಂದರೆ 0.65 ಮತ್ತು 0.65 ಸೇರಿ 1.30, ಸಾಲದು. ಎಣ್ಣೆಯ ಆಬ್ಜೆಕ್ಟಿವ್ 1.25, ಕಂಡೆನ್ಸರ್ 0.9, ಒಟ್ಟು 2.15, ಗೆದ್ದಂತೆ.

ಇಲ್ಲಿ ಪ್ರಯೋಗಾಲಯದಲ್ಲಿ ದಿನವೂ ನಡೆಯುವ ಒಂದು ಎಡವಟ್ಟಿದೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ವಿದ್ಯಾರ್ಥಿಗಳು ಕಂಡೆನ್ಸರ್ ಕೆಳಗಿನ ಡಯಾಫ್ರಮ್ ಮುಚ್ಚಿಬಿಡುತ್ತಾರೆ. ಇದರಿಂದ ಕಂಡೆನ್ಸರ್‌ನ ಅಪರ್ಚರ್ 0.3ಕ್ಕೆ ಇಳಿದರೆ ಮೊತ್ತ 1.55. ಅಂಚುಗಳು ಕಪ್ಪಾಗಿ, ಚಿತ್ರ ಮೊದಲಿಗಿಂತ ಖಚಿತವಾದಂತೆ ತೋರುತ್ತದೆ, ಗೆರೆಗಳು ಮಾತ್ರ ಮಾಯ! ಬೆಳಕು ಹೆಚ್ಚಾದರೆ ದೀಪವನ್ನು ತಗ್ಗಿಸಬೇಕು, ಡಯಾಫ್ರಮ್ ಮುಟ್ಟಬಾರದು.

ಎರಡೂ ಅಪರ್ಚರ್ ಸಮವಾಗಿದ್ದಾಗ ಆಬೆಯ ಸೂತ್ರ ಹೀಗಾಗುತ್ತದೆ:

d = λ / (2 × NA)

ಇಲ್ಲಿ λ ತರಂಗಾಂತರ, NA ನ್ಯೂಮರಿಕಲ್ ಅಪರ್ಚರ್, d ಬೇರೆಬೇರೆಯಾಗಿ ಕಾಣುವ ಕನಿಷ್ಠ ಅಂತರ. 1.25ರ ಮಸೂರಕ್ಕೆ d ಸುಮಾರು 220 ನ್ಯಾನೋಮೀಟರ್. ಎಣ್ಣೆ ಆಬ್ಜೆಕ್ಟಿವ್‌ಗಳಲ್ಲಿ ಅಪರ್ಚರ್ 1.4ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಆದ್ದರಿಂದ ಮಿತಿಯೂ 200ರ ಸುತ್ತಲೇ ನಿಲ್ಲುತ್ತದೆ. 220 ನ್ಯಾನೋಮೀಟರನ್ನು ಸಾವಿರ ಪಟ್ಟು ಹಿಗ್ಗಿಸಿದರೆ 0.22 ಮಿಲಿಮೀಟರ್, ಕಣ್ಣು ಆರಾಮವಾಗಿ ಬೇರ್ಪಡಿಸುವ ಅಂತರ. ಅದರಾಚೆಗೆ ಹಿಗ್ಗುವುದು ಮಸುಕು ಮಾತ್ರ. ಕೊರೊನಾ ವೈರಸ್‌ನ ಅಡ್ಡಳತೆ ಸುಮಾರು 100 ನ್ಯಾನೋಮೀಟರ್. ಅಂಟಿಕೊಂಡಿರುವ ಎರಡು ವೈರಸ್‌ಗಳು ಇಲ್ಲಿ ಒಂದೇ ಕಲೆ. ಹೊಳೆಯುವ ಬಣ್ಣದ ಅಣುಗಳನ್ನು ಅಂಟಿಸಿ ಈ ಮಿತಿಯನ್ನು ಸುತ್ತುಬಳಸಿ ದಾಟುವ ವಿಧಾನಗಳಿವೆ, 2014ರ ರಸಾಯನಶಾಸ್ತ್ರದ ನೊಬೆಲ್ ಅದಕ್ಕೇ ಸಂದಿತು. ಕಾಲೇಜಿನ ಉಪಕರಣಕ್ಕೆ ಅದು ಅನ್ವಯಿಸುವುದಿಲ್ಲ.

ಅಪರ್ಚರ್ ಇನ್ನು ಹಿಗ್ಗದು ಎಂದಾದ ಮೇಲೆ ಉಳಿದದ್ದು ತರಂಗಾಂತರವನ್ನು ಕುಗ್ಗಿಸುವುದು. ಚಲಿಸುವ ಎಲೆಕ್ಟ್ರಾನಿಗೂ ತರಂಗಾಂತರವಿದೆ. 1,00,000 ವೋಲ್ಟ್‌ನಲ್ಲಿ ಓಡಿಸಿದ ಎಲೆಕ್ಟ್ರಾನಿನದು 0.0037 ನ್ಯಾನೋಮೀಟರ್, ಹಸಿರು ಬೆಳಕಿಗಿಂತ ಸುಮಾರು ಒಂದೂವರೆ ಲಕ್ಷ ಪಟ್ಟು ಚಿಕ್ಕದು. ಹಾಗಾದರೆ ರೆಸಲ್ಯೂಶನ್ನೂ ಒಂದೂವರೆ ಲಕ್ಷ ಪಟ್ಟು ಉತ್ತಮವಾಗಬೇಕಲ್ಲ? ಆಗುವುದಿಲ್ಲ, ಸಾವಿರ ಪಟ್ಟು ಮಾತ್ರ. ಪಠ್ಯಪುಸ್ತಕಗಳು ಹಾರಿಬಿಡುವ ಭಾಗ ಇದು.

ಎಲೆಕ್ಟ್ರಾನುಗಳನ್ನು ಬಾಗಿಸುವುದು ಸುರುಳಿಯ ಕಾಂತಕ್ಷೇತ್ರ. ಈ ಕಾಂತೀಯ ಮಸೂರದ ಅಂಚಿನಲ್ಲಿ ಹಾದ ಎಲೆಕ್ಟ್ರಾನುಗಳು ನಡುವೆ ಹಾದವುಗಳಿಗಿಂತ ಮೊದಲೇ ಒಂದುಗೂಡುತ್ತವೆ. ಈ ಗೋಳೀಯ ದೋಷದ ಮಸುಕು ಎಲೆಕ್ಟ್ರಾನುಗಳು ಒಳಬರುವ ಕೋನದ ಘನಕ್ಕೆ ಅನುಗುಣವಾಗಿ ಏರುತ್ತದೆ: ಕೋನ ಎರಡು ಪಟ್ಟಾದರೆ ಮಸುಕು ಎಂಟು ಪಟ್ಟು. ಗಾಜಿನಲ್ಲಾದರೆ ಉಬ್ಬು ಮಸೂರದ ಜೊತೆ ತಗ್ಗು ಮಸೂರ ಜೋಡಿಸಿ ಸರಿಪಡಿಸಬಹುದು. ಕಾಲದೊಂದಿಗೆ ಬದಲಾಗದ ದುಂಡು ಎಲೆಕ್ಟ್ರಾನ್ ಮಸೂರಗಳಲ್ಲಿ ಅದು ಸಾಧ್ಯವಿಲ್ಲವೆಂದು ಒಟ್ಟೊ ಶೆರ್ಟ್‌ಸರ್ 1936ರಲ್ಲೇ ತೋರಿಸಿದ. ಹಾಗಾಗಿ ಕೋನವನ್ನು 0.01 ರೇಡಿಯನ್ ಆಸುಪಾಸಿಗೆ, ಅಂದರೆ ಅರ್ಧ ಡಿಗ್ರಿಯಷ್ಟಕ್ಕೆ ಕಿರಿದುಗೊಳಿಸಲೇಬೇಕು. ಅದೇ ಸೂತ್ರದಲ್ಲಿ NA ಜಾಗಕ್ಕೆ ಈ ಕೋನವನ್ನು ಹಾಕಿ ನೋಡಿ: 0.0037ನ್ನು 0.02ರಿಂದ ಭಾಗಿಸಿದರೆ 0.185. ಒಳ್ಳೆಯ ಸಾಂಪ್ರದಾಯಿಕ ಉಪಕರಣಗಳ ಮಿತಿ ಹೆಚ್ಚುಕಡಿಮೆ ಇದೇ, 0.2 ನ್ಯಾನೋಮೀಟರ್. ಇಲ್ಲಿ ಹತ್ತು ಲಕ್ಷ ಪಟ್ಟು ವರ್ಧನೆಗೂ ಅರ್ಥವಿದೆ, ಹಿಗ್ಗಿಸಲು ವಿವರವಿದೆ. 1990ರ ದಶಕದ ಕೊನೆಗೆ ದುಂಡಲ್ಲದ ಹಲವು ಧ್ರುವಗಳ ಮಸೂರಗಳಿಂದ ಆ ದೋಷವನ್ನೂ ತಿದ್ದಲಾಯಿತು, ಈಗ 0.05ರವರೆಗೂ ಇಳಿದಿದ್ದಾರೆ.

ಪಟ್ಟಿನ ಸಂಖ್ಯೆಯನ್ನೇ ನೆಚ್ಚುವವರಿಗೆ ನಾನು ಹೇಳುವ ಇನ್ನೊಂದು ಸಂಗತಿ ಉಂಟು. ಬರ್ಲಿನ್‌ನಲ್ಲಿ ಎರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ಕ್ನೋಲ್ 1931ರಲ್ಲಿ ಕಟ್ಟಿದ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ವರ್ಧನೆ 20 ಪಟ್ಟನ್ನೂ ಮುಟ್ಟಿರಲಿಲ್ಲ. ಬೆಳಕಿನ ಮೈಕ್ರೋಸ್ಕೋಪನ್ನು ಹಿಂದಿಕ್ಕುವ ಉಪಕರಣ ರುಸ್ಕಾ ಕೈಯಲ್ಲಿ ಸಿದ್ಧವಾದದ್ದು 1933ರಲ್ಲಿ, ಅದಕ್ಕೆ ನೊಬೆಲ್ ಬಂದದ್ದು 1986ರಲ್ಲಿ!

ಇನ್ನು ವೈರಸ್ ವಿಚಾರ. 0.2 ನ್ಯಾನೋಮೀಟರ್ ಮಿತಿಯ ಉಪಕರಣದಲ್ಲಿ ಇಟ್ಟ ಮಾತ್ರಕ್ಕೆ ವೈರಸ್‌ನ ವಿವರ 0.2ರವರೆಗೆ ಕಾಣುವುದಿಲ್ಲ. ಒಳಗೆ ನಿರ್ವಾತ, ಹಾಗಾಗಿ ಮಾದರಿ ಒಣಗಿರಬೇಕು ಅಥವಾ ಹೆಪ್ಪುಗಟ್ಟಿರಬೇಕು. ಇಂಗಾಲ, ಸಾರಜನಕಗಳಂಥ ಹಗುರ ಪರಮಾಣುಗಳು ಎಲೆಕ್ಟ್ರಾನುಗಳನ್ನು ಅಷ್ಟಾಗಿ ಚೆದುರಿಸುವುದಿಲ್ಲ, ಆದ್ದರಿಂದ ಯುರೇನಿಯಂನಂಥ ಭಾರಲೋಹದ ಲವಣವನ್ನು ಸುತ್ತ ಸವರುತ್ತಾರೆ. ಆಗ ಕಾಣುವುದು ಲವಣ ಕಟ್ಟಿದ ಅಚ್ಚು, ಅದರ ಕಣಗಳಿಗಿಂತ ಸಣ್ಣ ವಿವರ ಸಿಗುವುದಿಲ್ಲ. ಒಂದೆರಡು ನ್ಯಾನೋಮೀಟರ್‌ಗೆ ತೃಪ್ತಿಪಡಬೇಕು. ಲವಣವಿಲ್ಲದೆ ಹೆಪ್ಪುಗಟ್ಟಿಸಿ ನೋಡಿದರೆ, ಚಿತ್ರ ತೆಗೆಯುವ ಎಲೆಕ್ಟ್ರಾನುಗಳೇ ಪ್ರೋಟೀನನ್ನು ಮುರಿಯುತ್ತವೆ. ಆದ್ದರಿಂದ ಅತಿ ಕಡಿಮೆ ಎಲೆಕ್ಟ್ರಾನುಗಳಿಂದ ಸಾವಿರಾರು ಕಣಗಳ ಮಂಕು ಚಿತ್ರಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ಮಾಡುತ್ತಾರೆ. ಕೊರೊನಾದ ಮುಳ್ಳಿನ ಪ್ರೋಟೀನಿನ ರಚನೆ 2020ರಲ್ಲಿ ಸಿಕ್ಕಿದ್ದು ಹೀಗೆಯೇ.