ಬಜರ್ ಬಿಲ್ಲೆಯ ಹಿಸ್ಟರಿಸಿಸ್ ಲೂಪ್: ಇಲ್ಲಿಯವರೆಗಿನ ಕೆಲಸ

ಅಂಗಡಿಯಲ್ಲಿ ಸಿಗುವ ಚಿಕ್ಕ ಪೀಜೋ ಬಜರ್ ಬಿಲ್ಲೆಯಿಂದ ಫೆರೋಎಲೆಕ್ಟ್ರಿಕ್ ಲೂಪ್ ತೆಗೆಯುವುದು ಈ ಪ್ರಾಜೆಕ್ಟ್. ಫೆರೋಎಲೆಕ್ಟ್ರಿಕ್ ವಸ್ತುವಿನಲ್ಲಿ ಪಾಸಿಟಿವ್, ನೆಗೆಟಿವ್ ಚಾರ್ಜ್‌ಗಳು ತಾವಾಗಿಯೇ ಒಂದಿಷ್ಟು ಎದುರು ದಿಕ್ಕಿಗೆ ಸರಿದಿರುತ್ತವೆ, ಅದೇ ಪೋಲರೈಸೇಶನ್. ವೋಲ್ಟೇಜ್ ಉಲ್ಟಾ ಮಾಡಿದರೆ ಅದೂ ಮಗುಚುತ್ತದೆ, ಆದರೆ ತಡವಾಗಿ. ಹಾಗಾಗಿ ಅಡ್ಡಕ್ಕೆ ವೋಲ್ಟೇಜ್, ಲಂಬಕ್ಕೆ ಚಾರ್ಜ್ ಇಟ್ಟು ಎಳೆದ ಗೆರೆ ಹೋದ ದಾರಿಯಲ್ಲೇ ವಾಪಸು ಬರದೆ ಲೂಪ್ ಆಗುತ್ತದೆ. ಆ ಲೂಪ್ ಬಂದಿದೆ. ಅದನ್ನು ಹೇಗೆ ಓದಬೇಕು, ಎಷ್ಟರ ಮಟ್ಟಿಗೆ ನಂಬಬೇಕು ಅನ್ನುವುದೇ ಈ ಬಾರಿಯ ಬರಹದ ಮುಖ್ಯ ವಿಷಯ. ಅದಕ್ಕೂ ಮೊದಲು, ಆಸಿಲೋಸ್ಕೋಪಿನಲ್ಲಿ ಯಾವ ಗಾತ್ರದ ಸಂಖ್ಯೆ ಬರಬೇಕು ಅಂತ ಗೊತ್ತಿರಬೇಕು. ಹಾಗಾಗಿ ಕಾಗದದ ಲೆಕ್ಕದಿಂದ ಶುರು ಮಾಡಿದೆ.

ಅಣು ಎಷ್ಟು ಸರಿದರೆ ಎಷ್ಟು ಪೋಲರೈಸೇಶನ್?

ಬಜರಿನ ಒಳಗಿರುವುದು ಲೆಡ್ ಜಿರ್ಕೊನೇಟ್ ಟೈಟನೇಟ್. ಅದರಲ್ಲಿ ಜಿರ್ಕೋನಿಯಂ, ಟೈಟೇನಿಯಂ ಬೆರಕೆಯಾಗಿ ಕೂತಿರುವುದರಿಂದ ಕೈಲೆಕ್ಕ ಕಷ್ಟ. ಅದೇ ಕುಟುಂಬದ ಬೇರಿಯಂ ಟೈಟನೇಟ್ ಸರಳ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅದರ ಗೂಡು ಸರಿಯಾದ ಘನ. ಎಂಟು ಮೂಲೆಯಲ್ಲಿ ಬೇರಿಯಂ, ಆರು ಮುಖಗಳ ಮಧ್ಯೆ ಆಕ್ಸಿಜನ್, ನಟ್ಟನಡುವೆ ಟೈಟೇನಿಯಂ. ಅದಕ್ಕಿಂತ ತಣ್ಣಗಾದಾಗ ಗೂಡು ಒಂದು ದಿಕ್ಕಿನಲ್ಲಿ ಸುಮಾರು ಶೇಕಡ 1ರಷ್ಟು ಉದ್ದವಾಗುತ್ತದೆ. ಟೈಟೇನಿಯಂ ಆ ದಿಕ್ಕಿಗೆ ಜರುಗುತ್ತದೆ, ಆಕ್ಸಿಜನ್‌ಗಳು ಎದುರು ದಿಕ್ಕಿಗೆ ಜರುಗುತ್ತವೆ.

ಬೇರಿಯಂ ನಿಂತಲ್ಲೇ ಇದೆ ಅಂದುಕೊಂಡರೆ, ಟೈಟೇನಿಯಂ ಸುಮಾರು 5.4 ಪಿಕೋಮೀಟರ್ ಮೇಲೆ ಹೋಗುತ್ತದೆ. ಅದರ ನೇರ ಸಾಲಿನಲ್ಲಿರುವ ಆಕ್ಸಿಜನ್ ಸುಮಾರು 10, ಪಕ್ಕದ ಎರಡು ಆಕ್ಸಿಜನ್ ಸುಮಾರು 6.1 ಪಿಕೋಮೀಟರ್ ಕೆಳಗೆ ಬರುತ್ತವೆ. ಟೈಟೇನಿಯಂಗೆ +4, ಆಕ್ಸಿಜನ್‌ಗೆ −2 ಚಾರ್ಜ್ ಅಂತ ಶಾಲೆಯ ಲೆಕ್ಕ ಹಾಕಿದರೆ:

```
4×5.4 + 2×10 + 2×(2×6.1) = 66 e·pm
```

ಇದನ್ನು ಗೂಡಿನ ಗಾತ್ರದಿಂದ, ಅಂದರೆ 64.3 ಘನ ಆಂಗ್‌ಸ್ಟ್ರಾಂನಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 16 ಮೈಕ್ರೋಕೂಲಂ ಬರುತ್ತದೆ. ಆದರೆ ಒಳ್ಳೆಯ ಒಂಟಿ ಹರಳಿನಲ್ಲಿ ಅಳೆದಾಗ ಸಿಗುವುದು ಸುಮಾರು 26. ಈ ವ್ಯತ್ಯಾಸ ನನಗೆ ತುಂಬಾ ಇಷ್ಟವಾದ ಭಾಗ.

ಅಣುಗಳು ಚಾರ್ಜ್ ಅಂಟಿಸಿದ ಗಟ್ಟಿ ಗುಂಡುಗಳಲ್ಲ. ಟೈಟೇನಿಯಂನ ಖಾಲಿ ಡಿ ಕಕ್ಷೆಗಳೂ ಆಕ್ಸಿಜನ್‌ನ ಪಿ ಕಕ್ಷೆಗಳೂ ಒಂದರೊಳಗೊಂದು ಬೆರೆತಿವೆ. ಟೈಟೇನಿಯಂ ಒಂದು ಆಕ್ಸಿಜನ್ ಹತ್ತಿರ ಹೋದರೆ ಆ ಬಂಧ ಬಿಗಿಯಾಗಿ, ಒಂದಿಷ್ಟು ಎಲೆಕ್ಟ್ರಾನ್ ಟೈಟೇನಿಯಂ ಕಡೆಗೆ ಹರಿಯುತ್ತದೆ. ಈ ಹರಿವೂ ಪೋಲರೈಸೇಶನ್‌ಗೆ ಸೇರುತ್ತದೆ. ಅದನ್ನು ಸೇರಿಸಿ ಲೆಕ್ಕ ಹಾಕುವ ಚಾರ್ಜ್‌ಗೆ ಬಾರ್ನ್ ಚಾರ್ಜ್ ಅನ್ನುತ್ತಾರೆ. ಟೈಟೇನಿಯಂಗೆ ಅದು 4 ಅಲ್ಲ, ಸುಮಾರು 7.2. ನೇರ ಸಾಲಿನ ಆಕ್ಸಿಜನ್‌ಗೆ ಸುಮಾರು −5.7, ಪಕ್ಕದವಕ್ಕೆ ಸುಮಾರು −2.1. ಇವನ್ನು ಹಾಕಿ ಅದೇ ಲೆಕ್ಕ ಮಾಡಿದರೆ ಉತ್ತರ ಸುಮಾರು 30. ಅಳತೆಗೆ ತುಂಬಾ ಹತ್ತಿರ ಬಂತು.

ಅಣು ಮಧ್ಯದಿಂದ ಯಾಕೆ ಜರುಗುತ್ತದೆ ಅನ್ನುವುದಕ್ಕೂ ಇದರಲ್ಲೇ ಸುಳಿವಿದೆ. ಆ ಕಕ್ಷೆ ಬೆರೆಯುವುದರಿಂದ ಒಂದಿಷ್ಟು ಶಕ್ತಿ ಉಳಿಯುತ್ತದೆ, ಪಕ್ಕದ ಗೂಡುಗಳೂ ಅದೇ ಕಡೆ ಎಳೆಯುತ್ತವೆ. ಬರೀ "ಗೂಡು ದೊಡ್ಡದು, ಟೈಟೇನಿಯಂ ಚಿಕ್ಕದು, ಅದಕ್ಕೇ ಅಲ್ಲಾಡುತ್ತದೆ" ಅನ್ನುವ ವಿವರಣೆ ಅರ್ಧ ಮಾತ್ರ ಅಂತ ನನ್ನ ಅಭಿಪ್ರಾಯ.

ಬಜರ್ ಬಿಲ್ಲೆ ಒಂಟಿ ಹರಳಲ್ಲ, ದಿಕ್ಕಾಪಾಲಾಗಿ ಕೂತ ಕಣಗಳ ಸೆರಾಮಿಕ್. ಮೆತ್ತನೆ ಜಾತಿಯ ಈ ಸೆರಾಮಿಕ್‌ನಲ್ಲಿ ವೋಲ್ಟೇಜ್ ಸೊನ್ನೆಯಾದ ಮೇಲೂ ಉಳಿಯುವ ಉಳಿಕೆ ಪೋಲರೈಸೇಶನ್, ಅಂದರೆ Pr, ಸುಮಾರು 30, ತಿರುಗಿಸಲು ಬೇಕಾದ ಫೀಲ್ಡ್ ಸೆಂಟಿಮೀಟರಿಗೆ ಸುಮಾರು 10 ಕಿಲೋವೋಲ್ಟ್ ಅಂದುಕೊಂಡು ಮುಂದೆ ಹೋದೆ.

ಸರ್ಕ್ಯೂಟ್

ಸಾಯರ್ ಮತ್ತು ಟವರ್ 1930ರಲ್ಲಿ ರೋಶೆಲ್ ಉಪ್ಪಿಗೆ ಬಳಸಿದ ಸರ್ಕ್ಯೂಟ್ ಇದು. ಬಿಲ್ಲೆಯ ಜೊತೆ ಸರಣಿಯಲ್ಲಿ ಒಂದು ದೊಡ್ಡ ಕೆಪಾಸಿಟರ್. ಎರಡರಲ್ಲೂ ಒಂದೇ ಚಾರ್ಜ್ ಹರಿಯುತ್ತದೆ, ಹಾಗಾಗಿ ದೊಡ್ಡದರ ಮೇಲಿನ ವೋಲ್ಟೇಜ್ ನೋಡಿದರೆ ಬಿಲ್ಲೆಯ ಚಾರ್ಜ್ ಗೊತ್ತಾಗುತ್ತದೆ.

ನನ್ನ ಬಿಲ್ಲೆಯ ಬೆಳ್ಳಿ ಲೇಪದ ವ್ಯಾಸ 8 ಮಿಲಿಮೀಟರ್, ಅಂದರೆ ವಿಸ್ತೀರ್ಣ 0.50 ಚದರ ಸೆಂಟಿಮೀಟರ್. ಸೆರಾಮಿಕ್ ದಪ್ಪ 0.12 ಮಿಲಿಮೀಟರ್. ದೊಡ್ಡ ಕೆಪಾಸಿಟರ್ 4.7 ಮೈಕ್ರೋಫ್ಯಾರಡ್‌ನ ಪಾಲಿಯೆಸ್ಟರ್. ಆಡಿಯೋ ಆಂಪ್ಲಿಫೈಯರ್‌ನಿಂದ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಒಂದನ್ನು ಉಲ್ಟಾ ಓಡಿಸಿ, 50 ಹರ್ಟ್ಜ್‌ನಲ್ಲಿ ±300 ವೋಲ್ಟ್ ಪಡೆಯುತ್ತೇನೆ. ಸ್ಕೋಪಿನ ಎಕ್ಸ್ ಚಾನೆಲ್‌ಗೆ ಈ ವೋಲ್ಟೇಜನ್ನು ಇಳಿಸಿ ಕೊಡಲು ನೂರಕ್ಕೊಂದು ಡಿವೈಡರ್. ಅದರ ಮೇಲಿನ ರೆಸಿಸ್ಟರನ್ನು ಹಲವು ತುಂಡಾಗಿ ಸರಣಿಯಲ್ಲಿ ಹಾಕಿದ್ದೇನೆ, ಸಾಧಾರಣ ಕಾಲು ವ್ಯಾಟ್ ರೆಸಿಸ್ಟರ್ ಒಂದೇ ಇಷ್ಟು ವೋಲ್ಟೇಜ್ ತಡೆಯುವುದಿಲ್ಲ.

ಈ ವೋಲ್ಟೇಜ್, ಈ ಕರೆಂಟ್ ಜೀವಕ್ಕೆ ಅಪಾಯ. ಬಿಲ್ಲೆ ಮುಚ್ಚಳವಿರುವ ಡಬ್ಬಿಯಲ್ಲಿ, ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಮುಚ್ಚಳ ತೆಗೆದರೆ ಆಂಪ್ಲಿಫೈಯರ್ ಆಫ್ ಆಗುತ್ತದೆ. ಎಣ್ಣೆ ಇಲ್ಲದಿದ್ದರೆ ಬಿಲ್ಲೆಯ ಅಂಚಿನಲ್ಲಿ ಕಿಡಿ ಹಾರಬಹುದು. ಬಿಲ್ಲೆ ತೂತಾದರೆ ಪೂರ್ತಿ 300 ವೋಲ್ಟ್ ಸ್ಕೋಪಿಗೆ ಬರುತ್ತದೆ. ಅದಕ್ಕೇ 4.7 ಮೈಕ್ರೋಫ್ಯಾರಡ್ ಮೇಲೆ ಎರಡೂ ದಿಕ್ಕಿನ 12 ವೋಲ್ಟ್ ಸರ್ಜ್ ಡಯೋಡ್, ಸರಣಿಯಲ್ಲಿ 1 ಕಿಲೋ ಓಮ್ ಇದೆ.

ಮೊದಲು ಬಿಲ್ಲೆ ಇಲ್ಲದೆ

ಬಿಲ್ಲೆಯ ಜಾಗದಲ್ಲಿ 10 ನ್ಯಾನೋಫ್ಯಾರಡ್‌ನ ಒಳ್ಳೆಯ ಫಿಲ್ಮ್ ಕೆಪಾಸಿಟರ್ ಹಾಕಿದೆ. ಓರೆಯಾದ ಒಂದು ನೇರ ಗೆರೆ ಬಂತು, ತುದಿಯಲ್ಲಿ 0.64 ವೋಲ್ಟ್. ಲೆಕ್ಕವೂ ಅಷ್ಟೇ ಹೇಳುತ್ತದೆ.

ಆಮೇಲೆ ಅದಕ್ಕೆ ಸಮಾಂತರವಾಗಿ 1 ಮೆಗಾ ಓಮ್ ಜೋಡಿಸಿದೆ. ಗೆರೆ ಅಂಡಾಕಾರವಾಗಿ ಉಬ್ಬಿತು. ಫೀಲ್ಡ್ ಸೊನ್ನೆ ಇರುವಲ್ಲಿ 0.2 ವೋಲ್ಟ್ ಉಳಿಕೆ! ನನ್ನ ಬಿಲ್ಲೆಯ ವಿಸ್ತೀರ್ಣ ಹಾಕಿದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 1.9 ಮೈಕ್ರೋಕೂಲಂ. ಅಲ್ಲಿ ಫೆರೋಎಲೆಕ್ಟ್ರಿಕ್ ವಸ್ತು ಏನೂ ಇಲ್ಲ, ಬರೀ ಸೋರಿಕೆ. ಜೇಮ್ಸ್ ಸ್ಕಾಟ್ 2008ರಲ್ಲಿ ಬಾಳೆಹಣ್ಣಿನ ಸಿಪ್ಪೆಯಿಂದಲೇ ಮುಚ್ಚಿದ ಲೂಪ್ ತೋರಿಸಿ ಸಂಶೋಧಕರನ್ನು ಎಚ್ಚರಿಸಿದ್ದು ಇದೇ ಕಾರಣಕ್ಕೆ. ಮುಚ್ಚಿದ ಲೂಪ್ ಬಂದ ಮಾತ್ರಕ್ಕೆ ವಸ್ತು ಫೆರೋಎಲೆಕ್ಟ್ರಿಕ್ ಅಲ್ಲ. ಸ್ಕೋಪು ತೋರಿಸುವುದು ಹರಿದ ಒಟ್ಟು ಚಾರ್ಜ್ ಮಾತ್ರ, ಪೋಲರೈಸೇಶನ್ ಅದರ ಒಂದು ಪಾಲು.

ಪತ್ತೆ ಮಾಡುವ ಒಂದು ದಾರಿ ಫ್ರೀಕ್ವೆನ್ಸಿ. 100 ಹರ್ಟ್ಜ್‌ಗೆ ಏರಿಸಿದಾಗ ಈ ಸುಳ್ಳು ಉಳಿಕೆ ಅರ್ಧಕ್ಕೆ ಇಳಿಯಿತು. ಸೋರಲು ಸಿಗುವ ಸಮಯ ಅರ್ಧವಾಯಿತಲ್ವಾ, ಅದಕ್ಕೆ. ನಿಜವಾದ ಉಳಿಕೆ ಹೀಗೆ ಕುಸಿಯುವುದಿಲ್ಲ.

ಬಿಲ್ಲೆಯ ಲೂಪ್

ಒಂದೇ ಸಮನೆ ಓಡಿಸಲು ಆಗುವುದಿಲ್ಲ. ಲೂಪಿನ ಒಳಗಿನ ವಿಸ್ತೀರ್ಣ ಅಂದರೆ ಪ್ರತಿ ಸುತ್ತಿಗೆ ಬಿಸಿಯಾಗಿ ಹೋಗುವ ಶಕ್ತಿ. ನನ್ನ ಲೆಕ್ಕದಲ್ಲಿ ಅದು ಸುತ್ತಿಗೆ ಸುಮಾರು 7 ಮಿಲಿಜೂಲ್, 50 ಹರ್ಟ್ಜ್‌ನಲ್ಲಿ ಮೂರನೇ ಒಂದು ವ್ಯಾಟ್‌ಗಿಂತ ಜಾಸ್ತಿ. ಇಷ್ಟು ಚಿಕ್ಕ ಬಿಲ್ಲೆಗೆ, ಹಿಂದಿನ ಹಿತ್ತಾಳೆ ಸೇರಿಸಿದರೂ, ಸೆಕೆಂಡಿಗೆ ಕೆಲವು ಡಿಗ್ರಿ ಏರಲು ಅದು ಸಾಕು. ಅದಕ್ಕೇ ಒಂದೊಂದು ಸಲಕ್ಕೆ ಹತ್ತು ಸುತ್ತು ಓಡಿಸಿ ನಿಲ್ಲಿಸುತ್ತೇನೆ, ಕೊನೆಯ ಸುತ್ತನ್ನು ಉಳಿಸಿಕೊಳ್ಳುತ್ತೇನೆ.

±60 ವೋಲ್ಟ್‌ನಲ್ಲಿ ಸಣ್ಣ ಓರೆ ಗೆರೆ, ಸ್ವಲ್ಪ ಉಬ್ಬು. ±150ರಲ್ಲಿ ದುಂಡಗಿನ ತುದಿಯ ಲೂಪ್. ಇದನ್ನು ಓದಿ ಸಂಖ್ಯೆ ಕೊಡಬಾರದು, ಯಾಕೆಂದರೆ ತಿರುಗಬೇಕಾದ ಡೊಮೇನ್‌ಗಳು, ಅಂದರೆ ಒಳಗೆಲ್ಲ ಒಂದೇ ದಿಕ್ಕಿನ ಪೋಲರೈಸೇಶನ್ ಇರುವ ತುಣುಕುಗಳು, ಎಲ್ಲವೂ ಇನ್ನೂ ತಿರುಗಿಲ್ಲ. ವೋಲ್ಟೇಜ್ ಏರಿಸಿದಂತೆ ಉಳಿಕೆ ಬೆಳೆಯುವುದು ನಿಂತ ಮೇಲೆ ಮಾತ್ರ ಓದಬೇಕು. ±300ರಲ್ಲಿ ತುದಿಗಳು ಚೂಪಾದವು, ಹೋಗುವ ಗೆರೆ ಬರುವ ಗೆರೆ ಎರಡೂ ಅಲ್ಲಿ ಕೂಡಿಕೊಂಡವು.

ತುದಿಯಲ್ಲಿ 4.0 ವೋಲ್ಟ್. ವೋಲ್ಟೇಜ್ ಸೊನ್ನೆಗೆ ಇಳಿದಾಗ 3.2 ವೋಲ್ಟ್ ಉಳಿಯಿತು.

```
Q = 4.7 µF × 3.2 V = 15.0 µC
Pr = 15.0 / 0.50 = 30 µC/cm²
```

ವಾಪಸು ಬರುವ ಗೆರೆಯ ಮೊದಲ ಭಾಗ ನೇರವಾಗಿದೆ, 100 ವೋಲ್ಟಿಗೆ 0.2 ವೋಲ್ಟ್ ಇಳಿಯುತ್ತದೆ. ಅದು ಸುಮಾರು 9.4 ನ್ಯಾನೋಫ್ಯಾರಡ್‌ನ ಮಾಮೂಲಿ ಕೆಪಾಸಿಟರ್ ನಡತೆ, ಮೀಟರ್ ಕೂಡ ಹತ್ತಿರದ ಬೆಲೆ ಕೊಟ್ಟಿತ್ತು. ಆ ನೇರ ಭಾಗವನ್ನು ಸೊನ್ನೆಯವರೆಗೆ ಎಳೆದರೆ 3.4 ವೋಲ್ಟ್, ಅಂದರೆ 32 ಮೈಕ್ರೋಕೂಲಂ. ಇದು ಪೂರ್ತಿ ತಿರುಗಿದ ಸ್ಥಿತಿಯ ಪೋಲರೈಸೇಶನ್. 32ಕ್ಕೂ 30ಕ್ಕೂ ನಡುವಿನ ವ್ಯತ್ಯಾಸ, ಫೀಲ್ಡ್ ಕಡಿಮೆಯಾಗುತ್ತಿದ್ದಂತೆ ತಾವಾಗಿಯೇ ಹಿಂದಿರುಗುವ ಡೊಮೇನ್‌ಗಳದ್ದು.

ಲೂಪ್ ಅಡ್ಡ ಗೆರೆಯನ್ನು ಕತ್ತರಿಸಿದ್ದು +136 ಮತ್ತು −118 ವೋಲ್ಟ್‌ನಲ್ಲಿ. ಸರಾಸರಿ 127 ವೋಲ್ಟ್, ಅಂದರೆ ಸೆಂಟಿಮೀಟರಿಗೆ 10.6 ಕಿಲೋವೋಲ್ಟ್. ಎಡಬಲ ಸಮ ಇಲ್ಲದಿರುವುದು ಒಳಗಿನ ಫೀಲ್ಡ್‌ನಿಂದ. ಬಿಲ್ಲೆಯನ್ನು ಕಾರ್ಖಾನೆಯಲ್ಲೇ ಒಂದು ದಿಕ್ಕಿಗೆ ಪೋಲ್ ಮಾಡಿರುತ್ತಾರೆ, ವಸ್ತುವಿನ ಕುಂದುಗಳು ನಿಧಾನವಾಗಿ ಆ ದಿಕ್ಕಿಗೆ ಹೊಂದಿಕೊಂಡಿರುತ್ತವೆ. ಆದರೆ ಮೇಲೆ ಕೆಳಗೆ ಲೂಪ್ ಸರಿದಂತೆ ಕಂಡರೆ ಅದಕ್ಕೆ ಅರ್ಥ ಕೊಡಬೇಡಿ. ಕೆಪಾಸಿಟರ್ ಅಳೆಯುವುದು ಚಾರ್ಜಿನ ಬದಲಾವಣೆ ಮಾತ್ರ, ಅದಕ್ಕೆ ನಿಜವಾದ ಸೊನ್ನೆ ಗೊತ್ತಿಲ್ಲ. ಲಂಬ ದಿಕ್ಕಿನ ಮಧ್ಯಬಿಂದುವನ್ನು ನಾವೇ ಇಡುತ್ತೇವೆ.

ಇನ್ನೊಂದು ಮಾತು. 10.6 ಅನ್ನುವುದು ಈ ವಸ್ತುವಿನ ಸ್ಥಿರ ಸಂಖ್ಯೆಯಲ್ಲ. ಎಲ್ಲ ಗೂಡುಗಳ ಅಣುಗಳೂ ಒಟ್ಟಿಗೆ ಮಗುಚುವುದಾದರೆ ಇದರ ಹತ್ತಾರು ಪಟ್ಟು ಫೀಲ್ಡ್ ಬೇಕಾಗುತ್ತಿತ್ತು. ನಿಜದಲ್ಲಿ ಆಗುವುದು ಎದುರು ದಿಕ್ಕಿನ ಸಣ್ಣ ತುಣುಕುಗಳು ಹುಟ್ಟಿ, ಅವುಗಳ ಗೋಡೆ ಸರಿಯುವುದು. ಗೋಡೆ ಸರಿಯಲು ಸಮಯ ಬೇಕು. ಹಾಗಾಗಿ ಫ್ರೀಕ್ವೆನ್ಸಿ ಏರಿದರೆ ಈ ಫೀಲ್ಡೂ ಏರುತ್ತದೆ. ಫ್ರೀಕ್ವೆನ್ಸಿ ಹೇಳದೆ ಈ ಸಂಖ್ಯೆ ಬರೆಯುವುದರಲ್ಲಿ ಅರ್ಥವಿಲ್ಲ.

ಕರೆಂಟ್ ನೋಡಿದಾಗ

ಕೊನೆಗೆ 4.7 ಮೈಕ್ರೋಫ್ಯಾರಡ್ ತೆಗೆದು 100 ಓಮ್ ರೆಸಿಸ್ಟರ್ ಇಟ್ಟೆ. ಈಗ ಕಾಣುವುದು ಚಾರ್ಜ್ ಅಲ್ಲ, ನೇರ ಕರೆಂಟ್. ವೋಲ್ಟೇಜ್ 130ರ ಆಸುಪಾಸು ದಾಟುವಾಗ 15 ಮಿಲಿಆಂಪ್ ಸುಮಾರಿನ ಒಂದು ದಿಬ್ಬ ಎದ್ದಿತು. ವೋಲ್ಟೇಜ್ ಇನ್ನೂ ಏರುತ್ತಿರುವಾಗಲೇ ಕರೆಂಟ್ ಇಳಿದುಹೋಯಿತು. ತಿರುಗಬೇಕಾದ್ದೆಲ್ಲ ತಿರುಗಿ ಮುಗಿಯಿತು ಅಂತ. ಸೋರಿಕೆ ಹೀಗೆ ಮಾಡಲಾರದು, ಅದು ವೋಲ್ಟೇಜಿನ ತುದಿಯಲ್ಲೇ ಅತಿ ಹೆಚ್ಚು ಇರುತ್ತದೆ. ನನ್ನ ಮಟ್ಟಿಗೆ ಲೂಪಿಗಿಂತ ಗಟ್ಟಿ ಸಾಕ್ಷಿ ಈ ದಿಬ್ಬವೇ.

ಮುಂದಿನ ಕೆಲಸ ಬೇರಿಯಂ ಟೈಟನೇಟ್ ಸೆರಾಮಿಕ್‌ನ ತೆಳು ತುಂಡೊಂದನ್ನು ಬಿಸಿ ಎಣ್ಣೆಯಲ್ಲಿ ಅಳೆಯುವುದು. 120 ಡಿಗ್ರಿ ಹತ್ತಿರ ಬಂದಂತೆ ಲೂಪ್ ಸಣಕಲಾಗಿ ಬರೀ ಬಾಗಿದ ಗೆರೆಯಾಗಬೇಕು. ಅದಕ್ಕಿಂತ ತುಸುವೇ ಮೇಲೆ, ಫೀಲ್ಡ್ ಒತ್ತಾಯದಿಂದ ಅಣುಗಳು ಮತ್ತೆ ಮಧ್ಯ ಬಿಟ್ಟು ಸರಿದಾಗ, ಎರಡು ತುದಿಯಲ್ಲಿ ಎರಡು ಪುಟ್ಟ ಲೂಪ್ ಕಾಣಬೇಕು. ಮರ್ಜ್ 1953ರಲ್ಲಿ ಒಂಟಿ ಹರಳಿನಲ್ಲಿ ಅದನ್ನು ತೋರಿಸಿದ್ದರು. ಸೆರಾಮಿಕ್‌ನಲ್ಲಿ ಕಣದಿಂದ ಕಣಕ್ಕೆ ಆ ತಾಪಮಾನ ಸ್ವಲ್ಪ ಬದಲಾಗುವುದರಿಂದ ಎರಡು ಲೂಪ್ ಮಸುಕಾಗಬಹುದು. ಹಾಗಾಗಿ ಅಲ್ಲೂ ಲೂಪಿನ ಜೊತೆ ಕರೆಂಟನ್ನೂ ಉಳಿಸಿಕೊಳ್ಳುತ್ತೇನೆ. ಅರ್ಧ ಸುತ್ತಿಗೆ ಒಂದರ ಬದಲು ಎರಡು ದಿಬ್ಬ ಬಂದರೆ ಸಾಕು.